ಬಿಲ್ ಇತ್ತು, ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿಲ್ಲ

ಮಿಕ್ಸಿ ತಂದ ಆರನೇ ದಿನಕ್ಕೇ ಸುಟ್ಟ ವಾಸನೆ. ಸರ್ವಿಸ್ ಸೆಂಟರ್‌ಗೆ ಒಯ್ದೆ. ಅಲ್ಲಿನ ಹುಡುಗ ತಳದ ಸ್ಟಿಕರ್ ನೋಡಿ, "ಸರ್, ಇದು ನಮ್ದಲ್ಲ" ಅಂದ. ಅದನ್ನೇ ಜಾಬ್ ಶೀಟ್‌ನಲ್ಲಿ ಬರೆದುಕೊಡಪ್ಪ ಅಂತ ಪಟ್ಟು ಹಿಡಿದೆ. "ಈ ಸೀರಿಯಲ್ ನಂಬರ್ ನಮ್ಮ ದಾಖಲೆಯಲ್ಲಿಲ್ಲ" ಎಂದು ಬರೆದು ಸೀಲ್ ಹಾಕಿದ.

ಮನೆಗೆ ಬಂದು ಐಎಸ್‌ಐ ಗುರುತಿನ ಜೊತೆಗಿದ್ದ CM/L ಎಂಬ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ, ಅದು ವೈರ್ ತಯಾರಿಸುವವರ ಲೈಸೆನ್ಸ್! ಕಾರ್ಖಾನೆಯ ಹೆಸರು ಬೇರೆ ಇದ್ದರಷ್ಟೇ ನಕಲಿ ಅಂತಲ್ಲ, ಎಷ್ಟೋ ಬ್ರ್ಯಾಂಡ್‌ಗಳು ಹೊರಗೆ ಮಾಡಿಸುತ್ತವೆ. ಆದರೆ ವಸ್ತುವೇ ಬೇರೆ ಆದರೆ ಏನು ಹೇಳೋದು?

ಗ್ರಾಹಕರ ಆಯೋಗಕ್ಕೆ ಬರೆದ ದೂರಿನ ಮೊದಲ ಕರಡಿನಲ್ಲಿ ಬರೀ ಸಿಟ್ಟಿತ್ತು, "ಮೋಸ" ಎಂಬ ಪದ ಒಂಬತ್ತು ಸಲ. ವಕೀಲ ಗೆಳೆಯ ಓದಿ ಒಂದೇ ಪ್ರಶ್ನೆ ಕೇಳಿದ: "ಈ ಮಿಕ್ಸಿ ನಾನು ಮಾರಿದ್ದೇ ಅಲ್ಲ ಅಂತ ಅಂಗಡಿಯವನು ಅಂದ್ರೆ?" ಬಿಲ್ ತೆಗೆದು ನೋಡಿದೆ. ಮಾಡೆಲ್ ಹೆಸರಿದೆ, ಸೀರಿಯಲ್ ನಂಬರ್ ಇಲ್ಲ. ಪುಣ್ಯಕ್ಕೆ ವಾರಂಟಿ ಕಾರ್ಡ್‌ನಲ್ಲಿ ಅಂಗಡಿಯವರೇ ಆ ನಂಬರ್ ಬರೆದು ಸೀಲ್ ಒತ್ತಿದ್ದರು, ಬಿಲ್ ನಂಬರನ್ನೂ ಸೇರಿಸಿದ್ದರು. ಬಿಲ್ಲಿಗೂ ಮಿಕ್ಸಿಗೂ ನಂಟು ಸಿಕ್ಕಿದ್ದು ಅಲ್ಲಿ.

ಆಮೇಲೆ ಕರಡನ್ನು ಹೊಸದಾಗಿ ಬರೆದೆ. ಒಂದು ಪ್ಯಾರಾಕ್ಕೆ ಒಂದು ಘಟನೆ, ಅದರ ತಾರೀಖು, ಕೊನೆಗೆ ಅನುಬಂಧದ ನಂಬರ್. ಉದಾಹರಣೆಗೆ: "ಖರೀದಿಸಿದ ದಿನ ತೆಗೆದ ಪೆಟ್ಟಿಗೆಯ ಫೋಟೊದಲ್ಲಿ (ಅನುಬಂಧ 3) ಕಾಣುವ ಸೀರಿಯಲ್ ನಂಬರ್, ವಾರಂಟಿ ಕಾರ್ಡ್‌ನಲ್ಲಿ (ಅನುಬಂಧ 2) ಬರೆದಿರುವ ನಂಬರ್ ಒಂದೇ ಆಗಿವೆ." "ಮೋಸ" ಒಂದೇ ಸಲ ಉಳಿಯಿತು.

ಫೋಟೊಗಳಲ್ಲಿ ಒಂದು ತಪ್ಪು ಮಾಡಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡು ಪ್ರಿಂಟ್ ಹಾಕಿಸಿದ್ದೆ, ಹಾಗೆ ಕಳಿಸಿದ ಫೋಟೊದಲ್ಲಿ ತೆಗೆದ ತಾರೀಖಿನ ವಿವರ ಉಳಿಯಲ್ಲ. ಆದ್ದರಿಂದ ಮೂಲ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ, ಗ್ಯಾಲರಿಯ ವಿವರದ ಪುಟವನ್ನೂ ಪ್ರಿಂಟ್ ತೆಗೆದೆ. ಆದರೂ ಫೋನಿನ ತಾರೀಖು ಬದಲಾಯಿಸೋದು ಯಾರಿಗೂ ಗೊತ್ತಿರೋ ವಿದ್ಯೆ ಅಲ್ವಾ? ಸುಟ್ಟ ದಿನವೇ ಅದೇ ಫೋಟೊಗಳನ್ನು ಅಂಗಡಿಗೆ ಇಮೇಲ್ ಮಾಡಿದ್ದೆ, ಆ ಇಮೇಲನ್ನೂ ಜೋಡಿಸಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನೂ ಗೆಳೆಯ ಮಾಡಿಸಿದ.

ಅಂಗಡಿಗೆ ನೋಟಿಸ್ ಕೊಟ್ಟು 15 ದಿನ ಕಾದು, ನಾನಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಾಗೆ ಹಾಕಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಅಂಗಡಿಯವರ ಲಿಖಿತ ಉತ್ತರ ಬಂತು: "ಈ ವಸ್ತು ನಮ್ಮದಲ್ಲ." ಗೆಳೆಯ ವಾರಂಟಿ ಕಾರ್ಡ್ ಇದ್ದ ಪುಟ ತೆಗೆದಿಟ್ಟ. ಮಿಕ್ಸಿಯನ್ನು ಲ್ಯಾಬ್‌ಗೆ ಕಳಿಸಲು ಆಯೋಗ ಹೇಳಬಹುದು, ಅದಕ್ಕೇ ಸ್ಕ್ರೂ ಕೂಡ ಬಿಚ್ಚದೆ ಪೆಟ್ಟಿಗೆ ಸಮೇತ ಅಟ್ಟದ ಮೇಲಿಟ್ಟಿದ್ದೇನೆ.