ಅಮೆರಿಕದಲ್ಲಿ ಕರಿಬೇವು, ಹುಣಸೆ, ಬೆಲ್ಲ: ಎಲ್ಲಿ ಹುಡುಕಬೇಕು?

ಮೊದಲು ಕರಿಬೇವು. ಊರಿಂದ ಬರುವಾಗ ಅಮ್ಮ ಸೂಟ್‌ಕೇಸಿನಲ್ಲಿ ಒಂದು ಕಟ್ಟು ಇಟ್ಟರೆ ತೆಗೆದುಬಿಡಿ. ಕರಿಬೇವು ಕಿತ್ತಳೆ, ನಿಂಬೆ ಗಿಡಗಳ ಕುಟುಂಬಕ್ಕೇ ಸೇರಿದ್ದು. ಆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಸಣ್ಣ ಕೀಟ ಇದರ ಎಲೆಯ ಮೇಲೂ ಬದುಕುತ್ತದೆ. ಅದಕ್ಕೇ ವಿಮಾನ ನಿಲ್ದಾಣದಲ್ಲಿ ಹಸಿ ಎಲೆ ಬಿಡುವುದಿಲ್ಲ. ಮರೆತು ತಂದಿದ್ದರೆ ಹೇಳಿಬಿಡಿ, ಕಿತ್ತುಕೊಳ್ಳುತ್ತಾರೆ ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಗಿಡ ಆನ್‌ಲೈನ್‌ನಲ್ಲಿ ತರಿಸುವವರಿಗೂ ಇದೇ ತಲೆನೋವು: ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಟೆಕ್ಸಾಸ್‌ಗೆ ಎಷ್ಟೋ ನರ್ಸರಿಗಳು ಕಳಿಸುವುದೇ ಇಲ್ಲ.

ಹಾಗಾಗಿ ಇಂಡಿಯನ್ ಅಂಗಡಿಯೇ ಗತಿ. ಹಸಿ ಎಲೆ ಸಿಕ್ಕ ದಿನ ಜಾಸ್ತಿ ತನ್ನಿ. ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಜಿಪ್ ಚೀಲದಲ್ಲಿ ಗಾಳಿ ತೆಗೆದು ಫ್ರೀಜರ್‌ಗೆ ಹಾಕಿ. ಒಗ್ಗರಣೆಗೆ ಕರಗಿಸದೆ ನೇರ ಹಾಕಿ, ಹೊರಗಿಟ್ಟರೆ ಕಪ್ಪಾಗುತ್ತದೆ. ಎಣ್ಣೆ ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ. ಒಣಗಿದ ಕರಿಬೇವಿನ ಪ್ಯಾಕೆಟ್ ಮಾತ್ರ ಕೊಳ್ಳಬೇಡಿ, ದುಡ್ಡು ವ್ಯರ್ಥ. ಪಲಾವ್ ಎಲೆ ಹಾಕುವುದೂ ಬೇಡ, ಅದರ ವಾಸನೆಯೇ ಬೇರೆ. ಏನೂ ಸಿಗದಿದ್ದರೆ ಸಾಸಿವೆ, ಇಂಗಿನಲ್ಲೇ ಮುಗಿಸಿ.

ಹುಣಸೆಗೆ ಥಾಯ್ ಅಥವಾ ಚೀನೀ ಅಂಗಡಿಯಲ್ಲೂ ನೋಡಿ. 400 ಗ್ರಾಂನ ಮೆತ್ತನೆಯ ಬ್ಲಾಕ್ ಸಿಗುತ್ತದೆ. ಬೀಜ ತೆಗೆದದ್ದು ಎಂದು ಬರೆದಿದ್ದರೂ ಒಂದೆರಡು ಇದ್ದೇ ಇರುತ್ತವೆ, ಹಿಂಡುವಾಗ ನೋಡಿ. ಪೆಟ್ಟಿಗೆಯಲ್ಲಿ ಚಂದವಾಗಿ ಜೋಡಿಸಿದ ಸಿಹಿ ಹುಣಸೆ ತರಬೇಡಿ. ಅದು ಸುಮ್ನೆ ತಿನ್ನೋಕೆ, ಸಾರಿಗಲ್ಲ. ಡಬ್ಬಿಯ ಕಪ್ಪು ಪೇಸ್ಟ್ ಇನ್ನೊಂದು ಕಥೆ. ನಾನು ಮೊದಲ ಸಲ ನಾಲ್ಕು ಜನರ ಸಾರಿಗೆ ನಿಂಬೆಗಾತ್ರದ ಹುಣಸೆ ಲೆಕ್ಕದಲ್ಲಿ ಎರಡು ದೊಡ್ಡ ಚಮಚ ಹಾಕಿದೆ. ಸಾರು ಡಾಂಬರಿನ ಬಣ್ಣಕ್ಕೆ ತಿರುಗಿತು, ಬಾಯಿಗಿಡಲಾಗಲಿಲ್ಲ. ಅಷ್ಟು ಸಾರಿಗೆ ಒಂದು ಟೀ ಚಮಚದಿಂದ ಶುರು ಮಾಡಿ, ಕುದಿಸಿ, ರುಚಿ ನೋಡಿ ಆಮೇಲೆ ಹೆಚ್ಚಿಸಿ.

ಬೆಲ್ಲದ ವಿಷಯದಲ್ಲಿ ಮೆಕ್ಸಿಕನ್ ಅಂಗಡಿ ನಮ್ಮ ಬಂಧು. ಅಲ್ಲಿಯ ಪಿಲೊನ್ಸಿಯೊ, ಕೊಲಂಬಿಯಾದ ಪನೇಲಾ ಎರಡೂ ಕಬ್ಬಿನ ಹಾಲು ಕಾಯಿಸಿ ಅಚ್ಚು ಹಾಕಿದವೇ. ಪಿಲೊನ್ಸಿಯೊ ಗೋಪುರದ ಆಕಾರ, ಕಲ್ಲಿನಂತೆ ಗಟ್ಟಿ. ತುರಿಯಿರಿ, ಇಲ್ಲವೇ ಸ್ವಲ್ಪ ನೀರಿನಲ್ಲಿ ಕಾಯಿಸಿ ಕರಗಿಸಿ, ಸೋಸಿ. ಹೋಳಿಗೆ ಹೂರಣಕ್ಕಾದರೆ ತುರಿದೇ ಹಾಕಿ, ನೀರು ಸೇರಿದರೆ ಹೂರಣ ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ. ಕೊಳ್ಳುವಾಗ ಲೇಬಲ್ ಓದಿ: ಕಬ್ಬಿನದು ಬಿಟ್ಟು ಬಣ್ಣ, ಬೇರೆ ಸಕ್ಕರೆ ಸೇರಿದ್ದರೆ ವಾಪಸ್ ಇಡಿ. ಸೂಪರ್‌ಮಾರ್ಕೆಟ್ಟಿನ ಬ್ರೌನ್ ಶುಗರ್ ನೋಡೋಕೆ ಬೆಲ್ಲದ ಪುಡಿ, ಆದರೆ ಅದು ಸಾಮಾನ್ಯವಾಗಿ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು. ಹುಳಿಗೆ ಒಂದು ಚಿಟಿಕೆ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಹೋಳಿಗೆಯಲ್ಲಿ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಅಂದಹಾಗೆ, ಅದೇ ಮೆಕ್ಸಿಕನ್ ಅಂಗಡಿಯಲ್ಲಿ ಚಾಯೋಟೆ ಎಂಬ ಹಸಿರು ಕಾಯಿ ಕಂಡರೆ ಬುಟ್ಟಿಗೆ ಹಾಕಿಕೊಳ್ಳಿ. ಅದು ನಮ್ಮ ಸೀಮೆಬದನೆಕಾಯಿಯೇ.