ವೆಯ್ಟ್ ಶುರು ಮಾಡಿದಾಗ ನನ್ನ ಪ್ರೋಟೀನ್ ಲೆಕ್ಕ ಎಲ್ಲಿ ತಪ್ಪಿತ್ತು

ನಾನು ಪೂರ್ತಿ ವೆಜ್, ಮೊಟ್ಟೆನೂ ತಿನ್ನಲ್ಲ. ಜಿಮ್ಮಿಗೆ ಹೋಗೋಕೆ ಶುರು ಮಾಡಿದಾಗ ನನ್ನ ತೂಕ 68 ಕೆಜಿ. ಸಾಮಾನ್ಯವಾಗಿ ಆರೋಗ್ಯವಂತ ದೊಡ್ಡೋರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು ಅಂತ ಹೇಳ್ತಾರೆ, ಆದ್ರೆ ಅದು ಕೊರತೆ ಆಗ್ದೇ ಇರೋಕೆ ಬೇಕಾದ ಲೆಕ್ಕ, ವೆಯ್ಟ್ ಎತ್ತಿ ಮಸಲ್ ಬೆಳೆಸೋರಿಗೆ ಅಲ್ಲ. ನಮ್ಮಂಥೋರಿಗೆ 1.4ರಿಂದ 2 ಗ್ರಾಂ ಅಂತಾರೆ, ಸುಮಾರು 1.6 ದಾಟಿದ್ಮೇಲೆ ಹೆಚ್ಚಿಗೆ ತಿಂದ್ರೂ ಸಿಗೋ ಲಾಭ ತುಂಬಾ ಕಮ್ಮಿ. ಅದಕ್ಕೆ 1.6 ಹಿಡ್ಕೊಂಡೆ, 68 ಇಂಟು 1.6 ಅಂದ್ರೆ 108.8, ಲೆಕ್ಕ ಸುಲಭ ಆಗ್ಲಿ ಅಂತ 110 ಮಾಡ್ಕೊಂಡೆ.

ಮೊದಲ ಎರಡು ವಾರ ಊಟ ಏನೂ ಬದಲಾಯಿಸ್ಲಿಲ್ಲ, ತಿಂದಿದ್ದನ್ನೆಲ್ಲಾ ಬರೆದಿಟ್ಟೆ ಅಷ್ಟೇ. ದಿನಕ್ಕೆ 103 ಗ್ರಾಂ ಬಂತು, ಅರೆ ಹೆಚ್ಚುಕಮ್ಮಿ ಆಗೇ ಹೋಯ್ತಲ್ಲ ಅಂತ ಖುಷಿಪಟ್ಟೆ. ತಪ್ಪಾಗಿದ್ದು ಬೇಳೆ ಲೆಕ್ಕದಲ್ಲಿ. 100 ಗ್ರಾಂ ಬೇಳೆಗೆ 24 ಗ್ರಾಂ ಪ್ರೋಟೀನ್ ಅನ್ನೋದು ಬೇಯಿಸದೇ ಇರೋ ಒಣಬೇಳೆಗೆ, ನಾನು ಬೆಂದ ಬೇಳೆ ಬಟ್ಟಲನ್ನ ತಕ್ಕಡಿ ಮೇಲಿಟ್ಟು 250 ಗ್ರಾಂ ಅಂತ ನೋಡಿ 60 ಗ್ರಾಂ ಪ್ರೋಟೀನ್ ಅಂತ ಬರ್ಕೊಳ್ತಿದ್ದೆ. ಒಂದಿನ ಕುಕ್ಕರಿಗೆ ಹಾಕೋ ಮುಂಚೆ ತೂಗಿ ನೋಡಿದ್ರೆ ನನ್ನ ಪಾಲಿಗೆ ಬರ್ತಿದ್ದ ಒಣಬೇಳೆ ಬರೀ 60 ಗ್ರಾಂ, ಉಳಿದಿದ್ದೆಲ್ಲಾ ನೀರು, ಅಂದ್ರೆ ಪ್ರೋಟೀನ್ ಬರೀ 14 ಗ್ರಾಂ. ಸರಿಯಾಗಿ ಕೂಡಿದ್ರೆ ಇಡೀ ದಿನಕ್ಕೆ 57 ಗ್ರಾಂ, ಕೆಜಿಗೆ 0.84! ಅವತ್ತಿಂದ ಅಕ್ಕಿ, ಬೇಳೆ, ಹಿಟ್ಟು, ಸೋಯಾ ಏನೇ ಆಗ್ಲಿ, ಒಣಗಿರುವಾಗ್ಲೇ ತೂಗೋದು.

ಇನ್ನು 53 ಗ್ರಾಂ ಎಲ್ಲಿಂದ ತರೋದು? ಮೊದಲು ಬೇಳೆನೇ ಜಾಸ್ತಿ ಮಾಡೋಣ ಅಂದ್ಕೊಂಡೆ, ಆದ್ರೆ ಲೆಕ್ಕ ಹಾಕಿದ್ರೆ ಇನ್ನೂ 220 ಗ್ರಾಂ ಒಣಬೇಳೆ ಬೇಕು, ಅದ್ರ ಜೊತೆ ಸುಮಾರು 750 ಕ್ಯಾಲೊರಿನೂ ಬರುತ್ತೆ, ಹೊಟ್ಟೆ ಅಷ್ಟು ನಾರನ್ನ ಒಂದೇ ಸಲ ತಡ್ಕೊಳ್ಳೋದೂ ಇಲ್ಲ. ವೆಜ್ ಊಟದಲ್ಲಿ ನಿಜವಾದ ಕಷ್ಟ ಇದೇ ನೋಡಿ, ಪ್ರೋಟೀನ್ ಸಿಗಲ್ಲ ಅಂತಲ್ಲ, ಅದ್ರ ಜೊತೆ ಕಾರ್ಬ್ಸೋ ಫ್ಯಾಟೋ ಯಾವಾಗ್ಲೂ ಅಂಟ್ಕೊಂಡೇ ಬರುತ್ತೆ. ಶೇಂಗಾನೂ ಅಷ್ಟೇ, ಎಲ್ರೂ ಪ್ರೋಟೀನ್ ಪ್ರೋಟೀನ್ ಅಂತಾರೆ, 25 ಗ್ರಾಂ ಪ್ರೋಟೀನ್ ಬೇಕಂದ್ರೆ 100 ಗ್ರಾಂ ತಿನ್ಬೇಕು, ಕ್ಯಾಲೊರಿ 550 ದಾಟುತ್ತೆ.

ನನಗೆ ಕೈ ಹಿಡಿದಿದ್ದು ಸೋಯಾ ಚಂಕ್ಸ್. ಒಣಗಿರೋದು 50 ಗ್ರಾಂ ತಗೊಂಡ್ರೆ 26 ಗ್ರಾಂ ಪ್ರೋಟೀನ್, ಕ್ಯಾಲೊರಿ 170ರ ಹತ್ರ ಅಷ್ಟೇ. ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಸಿ, ಗಟ್ಟಿಯಾಗಿ ಹಿಂಡಿ, ಇನ್ನೊಂದು ಸಲ ತೊಳೆದು ಹಿಂಡಿದ್ರೆ ಆ ಹಸಿ ವಾಸನೆ ಹೋಗುತ್ತೆ. ಮೊದಲ ದಿನವೇ 50 ಗ್ರಾಂ ತಿಂದು ರಾತ್ರಿ ಇಡೀ ಹೊಟ್ಟೆ ಉಬ್ಬರ, ಆಮೇಲೆ 20 ಗ್ರಾಮಿಂದ ಶುರು ಮಾಡಿ ಎರಡು ವಾರದಲ್ಲಿ 50ಕ್ಕೆ ಬಂದೆ, ಏನೂ ತೊಂದ್ರೆ ಆಗ್ಲಿಲ್ಲ.

ಈಗ ನನ್ನ ಒಂದಿನ ಹೀಗಿರುತ್ತೆ: ಗೋಧಿಹಿಟ್ಟು 120 ಗ್ರಾಂ ಮತ್ತು ಅಕ್ಕಿ 100 ಗ್ರಾಂ ಸೇರಿ 21, ಬೇಳೆ 60 ಗ್ರಾಮಿಗೆ 14, ಹಾಲು 400 ಎಂಎಲ್‌ಗೆ 13, ಮೊಸರು 250 ಗ್ರಾಮಿಗೆ 9, ಇಲ್ಲಿಗೆ ಹಳೇ 57 ಆಯ್ತು. ಇದ್ರ ಮೇಲೆ ಸೋಯಾ 26, ಪನೀರ್ 100 ಗ್ರಾಮಿಗೆ 18, ಹುರಿಗಡಲೆ 40 ಗ್ರಾಮಿಗೆ 9, ಒಟ್ಟು 110. ಸೋಯಾ ಮಧ್ಯಾಹ್ನಕ್ಕೆ, ಪನೀರ್ ರಾತ್ರಿಗೆ ಅಂತ ಹಂಚ್ಕೊಂಡಿದೀನಿ, ಎರಡನ್ನೂ ಒಂದೇ ಹೊತ್ತಿಗೆ ತಿಂದ್ರೆ ಹೊಟ್ಟೆ ಭಾರ ಆಗುತ್ತೆ. ಒಂದೊಂದಿನ 95ಕ್ಕೇ ನಿಲ್ಲುತ್ತೆ, ಅದೂ ಕೆಜಿಗೆ 1.4 ಆಗುತ್ತೆ, ಹಾಗಾಗಿ ತಲೆ ಕೆಡಿಸ್ಕೊಳ್ಳಲ್ಲ.

ಜೊತೆಗೆ ಜಿಮ್ಮಿಗೆ ಬರೋ ಗೆಳೆಯನ ತೂಕ 96 ಕೆಜಿ, ಅವನೂ ಇದೇ ಲೆಕ್ಕ ಹಾಕಿ 154 ಗ್ರಾಂ ಬೇಕು ಅಂತ ಕೈಚೆಲ್ಲಿ ಕೂತಿದ್ದ. ಕೊಬ್ಬು ಜಾಸ್ತಿ ಇರೋರು ಈಗಿನ ತೂಕದಿಂದ ಗುಣಿಸಬೇಕಿಲ್ಲ, ಯಾಕಂದ್ರೆ ಆ ಕೊಬ್ಬಿಗೆ ಅಷ್ಟು ಪ್ರೋಟೀನ್ ಬೇಡ. ಇಳಿದು ಎಷ್ಟಕ್ಕೆ ಬರ್ಬೇಕು ಅಂತಿದೀಯೋ ಆ ತೂಕ ತಗೊಳೋ ಅಂದೆ, ಅವನಿಗೆ ಅದು 75, ಅಂದ್ರೆ 120 ಗ್ರಾಂ. ನಂದೇ ಊಟಕ್ಕೆ ಇನ್ನೊಂದು 20 ಗ್ರಾಂ ಸೋಯಾ ಸೇರಿಸಿದ್ರೆ ಅವನದ್ದೂ ಮುಗೀತು. ಆದ್ರೆ ಕಿಡ್ನಿ ತೊಂದ್ರೆ ಇರೋರು ಮಾತ್ರ ಇದ್ಯಾವುದನ್ನೂ ತಾವಾಗೇ ಶುರು ಮಾಡ್ಬೇಡಿ, ಡಾಕ್ಟರ್ ಹೇಳಿದಷ್ಟೇ ತಿನ್ನಿ.