ಉಯಿಲಿನ ಕೊನೆಯ ಪುಟದ ಎರಡು ಸಹಿಗಳು

ಮುಂಬೈ, ಡೊಂಬಿವಲಿ, ಪುಣೆ ಕಡೆಯ ಕನ್ನಡದ ಮನೆಗಳಿಗೆ ಉಯಿಲು ಬರೆದುಕೊಡುವಾಗ ಹೆಚ್ಚು ಹೊತ್ತು ಹಿಡಿಯುವುದು ಆಸ್ತಿ ಯಾರಿಗೆ ಎನ್ನುವ ಭಾಗವಲ್ಲ. ಅದನ್ನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಮಾತು ನಿಲ್ಲುವುದು ಸಾಕ್ಷಿ ಯಾರು ಎಂದು ನಾನು ಕೇಳಿದಾಗ. "ಅಳಿಯಂದಿರು ಇದ್ದಾರಲ್ಲ, ಇನ್ನೊಂದು ಸಹಿ ಪಕ್ಕದ ಮನೆಯವರು ಹಾಕ್ತಾರೆ ಬಿಡಿ" ಎನ್ನುವ ಉತ್ತರ ಬರುತ್ತದೆ. ಆ ಎರಡೂ ಆಯ್ಕೆಯಲ್ಲಿ ತೊಡಕಿದೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕೆನ್ನುತ್ತದೆ. ಪ್ರತಿಯೊಬ್ಬ ಸಾಕ್ಷಿಯೂ, ಉಯಿಲು ಮಾಡುವವರು ಸಹಿ ಹಾಕುವುದನ್ನೋ ಹೆಬ್ಬೆಟ್ಟು ಒತ್ತುವುದನ್ನೋ ಕಣ್ಣಾರೆ ಕಂಡಿರಬೇಕು. ಇಲ್ಲವೇ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಸಾಕ್ಷಿ ತನ್ನ ಸಹಿಯನ್ನು ಅವರ ಎದುರಿನಲ್ಲೇ ಹಾಕಬೇಕು. ಒಳಗೆ ಏನು ಬರೆದಿದೆ ಎಂದು ಸಾಕ್ಷಿ ಓದಬೇಕಾಗಿಲ್ಲ. ಎಷ್ಟೋ ಜನ "ಅವರ ಮನೆ ವಿಷಯ ನಮಗ್ಯಾಕೆ" ಎಂದು ಹಿಂಜರಿಯುವುದು ಇದು ತಿಳಿಯದೆ. ಆಸ್ತಿಯ ಭಾಗವನ್ನು ಹಾಳೆಯಿಂದ ಮುಚ್ಚಿಟ್ಟು ಸಹಿ ಹಾಕಿಸಿದರೂ ನಡೆಯುತ್ತದೆ.

ಕೆಡುವುದು ಹೆಚ್ಚಾಗಿ ಹೀಗೆ. ತಂದೆ ಭಾನುವಾರ ಮನೆಯಲ್ಲಿ ಸಹಿ ಹಾಕುತ್ತಾರೆ, ಅಲ್ಲೇ ಇದ್ದ ಒಬ್ಬ ಸಾಕ್ಷಿಯೂ ಹಾಕುತ್ತಾರೆ. ಸೋಮವಾರ ಮಗ ಆ ಕಾಗದವನ್ನು ಹಿಡಿದು ಮೂರನೇ ಮಾಳಿಗೆಯ ಸೊಸೈಟಿ ಸೆಕ್ರೆಟರಿಯ ಮನೆಗೆ ಹೋಗಿ ಸಾಕ್ಷಿ ಸಹಿ ಹಾಕಿಸಿಕೊಂಡು ಬರುತ್ತಾನೆ. ಸೆಕ್ರೆಟರಿಗೆ ತಂದೆಯ ಸಹಿ ಚೆನ್ನಾಗಿ ಗೊತ್ತು, ಮೋಸವೇನೂ ಇಲ್ಲ. ಆದರೂ ಅದು ಸಾಕ್ಷಿ ಸಹಿ ಆಗಲಿಲ್ಲ. ತಂದೆ ಸಹಿ ಹಾಕಿದ್ದನ್ನು ಅವರು ನೋಡಿಲ್ಲ, ತಂದೆಯೂ ಅವರಿಗೆ ಏನೂ ಹೇಳಿಲ್ಲ, ಅವರು ಸಹಿ ಹಾಕುವಾಗ ತಂದೆ ಅಲ್ಲಿರಲಿಲ್ಲ. ಕಾಗದದ ಮೇಲೆ ಎರಡು ಸಾಕ್ಷಿ ಸಹಿ ಕಂಡರೂ ಕಾನೂನಿನ ಲೆಕ್ಕದಲ್ಲಿ ಒಂದೇ. ಮಗ ಸೆಕ್ರೆಟರಿಯನ್ನೇ ಮನೆಗೆ ಕರೆತಂದು, ತಂದೆ ತನ್ನ ಸಹಿ ತೋರಿಸಿ ಒಪ್ಪಿಕೊಂಡು, ಅವರ ಮುಂದೆಯೇ ಸೆಕ್ರೆಟರಿ ಸಹಿ ಹಾಕಿದ್ದರೆ ಸರಿಯಾಗುತ್ತಿತ್ತು.

ಇಬ್ಬರೂ ಸಾಕ್ಷಿಗಳು ಒಟ್ಟಿಗೆ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ. ನಾನು ಮಾತ್ರ ಒಂದೇ ಕೂಟದಲ್ಲೇ ಮುಗಿಸುತ್ತೇನೆ, ಅದಕ್ಕೆ ಕಾರಣ ಕೋರ್ಟಿನಲ್ಲಿದೆ. ಉಯಿಲನ್ನು ರುಜುವಾತು ಮಾಡಲು, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕರೆಸಬೇಕು. ಹಿಂದೆ ಎವಿಡೆನ್ಸ್ ಆ್ಯಕ್ಟಿನ 68ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 67ರಲ್ಲಿದೆ. ಒಬ್ಬರು ಬಂದರೆ ಸಾಕು ಎಂದಷ್ಟೇ ಕೇಳಿಸಿಕೊಂಡು ನಿರಾಳವಾಗುವವರಿದ್ದಾರೆ. ಆದರೆ ಬಂದ ಆ ಒಬ್ಬರು ಇನ್ನೊಬ್ಬ ಸಾಕ್ಷಿಯ ಸಹಿಯ ಬಗ್ಗೆಯೂ ಹೇಳಬಲ್ಲವರಾಗಿರಬೇಕು. ಮಹಾರಾಷ್ಟ್ರದ್ದೇ ಆದ ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎದುರಿಸಿದ್ದು ಇದನ್ನೇ. ವಿಚಾರಣೆಗೆ ಬಂದ ಸಾಕ್ಷಿಗೆ ಇನ್ನೊಬ್ಬರ ಸಹಿಯ ಬಗ್ಗೆ ಹೇಳಲಾಗಲಿಲ್ಲ, ಆ ಇನ್ನೊಬ್ಬರನ್ನು ಕರೆಸಿರಲಿಲ್ಲ. ಉಯಿಲು ರುಜುವಾತಾಗಲಿಲ್ಲ. ಮೂವರೂ ಒಂದೇ ಮೇಜಿನ ಸುತ್ತ ಕೂತು, ಮೊದಲು ಉಯಿಲುದಾರರು, ಆಮೇಲೆ ಒಬ್ಬ ಸಾಕ್ಷಿ, ಆಮೇಲೆ ಇನ್ನೊಬ್ಬರು ಸಹಿ ಹಾಕಿದ್ದರೆ, ಮುಂದೆ ಯಾರು ಉಳಿದರೂ ಮೂರು ಸಹಿಯ ಕಥೆಯನ್ನೂ ಹೇಳಬಲ್ಲರು.

"ರಿಜಿಸ್ಟರ್ ಮಾಡಿಸಿಬಿಡ್ತೀವಿ" ಎನ್ನುವುದು ಇದಕ್ಕೆ ಬದಲಿಯಲ್ಲ. ಉಯಿಲಿನ ನೋಂದಣಿ ಕಡ್ಡಾಯವಲ್ಲ. ನೋಂದಾಯಿಸಿದರೂ ಸಾಕ್ಷಿಯನ್ನು ಕರೆಸುವ ಕೆಲಸ ತಪ್ಪದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುರುತು ಹೇಳಲು ಬಂದವರ ಸಹಿ ಆ ವ್ಯಕ್ತಿ ಇವರೇ ಎನ್ನುವುದಕ್ಕೆ, ಉಯಿಲಿನ ಸಾಕ್ಷಿಗಲ್ಲ. ಬರಹಗಾರರ ಸಹಿ, ನೋಟರಿ ಮೊಹರು, "ಮನಸ್ಸು ಸ್ವಸ್ಥವಾಗಿದೆ" ಎಂಬ ಡಾಕ್ಟರ ಸರ್ಟಿಫಿಕೇಟ್ ಕೂಡ ಹಾಗೆಯೇ. ಡಾಕ್ಟರು ಸಾಕ್ಷಿಯಾಗುವುದಾದರೆ ಒಳ್ಳೆಯದೇ, ಆದರೆ ಸಾಕ್ಷಿಯ ಜಾಗದಲ್ಲಿ ಸಾಕ್ಷಿಯೆಂದೇ ಸಹಿ ಹಾಕಬೇಕು.

ಈಗ ಅಳಿಯನ ವಿಷಯ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 74 ವರ್ಷದ ಒಬ್ಬ ನಿವೃತ್ತ ಹೋಟೆಲ್ ಮಾಲೀಕರು, ಹೆಂಡತಿ ತೀರಿಕೊಂಡಿದ್ದಾರೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಮ್ಮನ್ನು ನೋಡಿಕೊಂಡ ಮಗಳಿಗೆ ಫ್ಲ್ಯಾಟ್ ಎಂದು ಬರೆದಿದ್ದಾರೆ. ಸಾಕ್ಷಿಗಳು ಮಗಳ ಗಂಡ ಮತ್ತು ಬೆಳಗಿನ ವಾಕಿಂಗ್ ಜೊತೆಗಾರರು, ಅವರಿಗೂ 76.

ಕುಟುಂಬ ಮಂಗಳೂರಿನ ಕ್ರೈಸ್ತರದ್ದು ಎಂದಾದರೆ ಉತ್ತರಾಧಿಕಾರ ಕಾಯ್ದೆಯ 67ನೇ ಕಲಮು ನೇರವಾಗಿ ಬಂದು ಕೂರುತ್ತದೆ. ಉಯಿಲು ಬಿದ್ದುಹೋಗುವುದಿಲ್ಲ, ಸಾಕ್ಷಿಯೂ ಸಾಕ್ಷಿಯೇ. ಆದರೆ ಸಾಕ್ಷಿಗೆ, ಅಥವಾ ಸಾಕ್ಷಿಯ ಗಂಡ ಇಲ್ಲವೇ ಹೆಂಡತಿಗೆ ಬರೆದ ಪಾಲು ರದ್ದು. ಮಗಳು ಪೆನ್ನು ಮುಟ್ಟಿಲ್ಲ, ಗಂಡ ಸಹಿ ಹಾಕಿದ್ದಕ್ಕೆ ಅವಳ ಫ್ಲ್ಯಾಟ್ ಹೋಗುತ್ತದೆ. "ಉಳಿದದ್ದೆಲ್ಲ ಇಂಥವರಿಗೆ" ಎಂಬ ಸಾಲು ಉಯಿಲಿನಲ್ಲಿ ಇಲ್ಲದಿದ್ದರೆ ಆ ಫ್ಲ್ಯಾಟ್ ಮೂವರು ಮಕ್ಕಳಿಗೆ ಸಮವಾಗಿ ಹಂಚಿಹೋಗುತ್ತದೆ. ತಂದೆ ತಪ್ಪಿಸಲು ಹೊರಟದ್ದು ಅದನ್ನೇ. ಪಾರ್ಸಿಗಳಿಗೂ ಇದೇ ನಿಯಮ.

ಕುಟುಂಬ ಹಿಂದೂ ಆದರೆ 67 ಅನ್ವಯಿಸುವುದಿಲ್ಲ. ಹಿಂದೂ, ಜೈನ, ಸಿಖ್, ಬೌದ್ಧರ ಉಯಿಲಿಗೆ ಅನ್ವಯವಾಗುವ ಕಲಮುಗಳ ಪಟ್ಟಿ ಮೂರನೇ ಅನುಸೂಚಿಯಲ್ಲಿದೆ, ಅದರಲ್ಲಿ ಇದಿಲ್ಲ. ಪಾಲು ತಾನಾಗಿ ರದ್ದಾಗದು. ಅಷ್ಟಕ್ಕೇ ಸಮಾಧಾನಪಡುವ ಹಾಗಿಲ್ಲ. ಒಂಬತ್ತು ವರ್ಷದ ನಂತರ ತಂದೆ ತೀರಿಕೊಂಡಾಗ ವಾಕಿಂಗ್ ಜೊತೆಗಾರರೂ ಇಲ್ಲ ಎಂದುಕೊಳ್ಳಿ. ಕಟಕಟೆಗೆ ಬರಬಲ್ಲವರು ಅಳಿಯ ಒಬ್ಬರೇ. ಅಣ್ಣಂದಿರ ವಕೀಲರು ಕೇಳುವುದು ಒಂದೇ: "ಈ ಫ್ಲ್ಯಾಟಿನಲ್ಲಿ ಈಗ ವಾಸವಾಗಿರುವವರು ಯಾರು?" ನಮ್ಮ ಮೈಸೂರಿನ ಕಡೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಂದಿಗೂ ಅಳತೆಗೋಲು: ಅನುಮಾನಕ್ಕೆ ಎಡೆಕೊಡುವ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದ್ದು. ಲಾಭ ಪಡೆಯುವವರ ಗಂಡನೇ ಸಾಕ್ಷಿಯಾದರೆ ಅನುಮಾನವನ್ನು ನಾವೇ ಎದುರಾಳಿಯ ಕೈಗೆ ಕೊಟ್ಟ ಹಾಗೆ.

ಹಾಗಾಗಿ ಯಾವ ಧರ್ಮದವರಾದರೂ ಪಾಲು ಪಡೆಯುವವರನ್ನೂ ಅವರ ಗಂಡ ಹೆಂಡತಿಯರನ್ನೂ ನಾನು ಸಾಕ್ಷಿ ಹಾಕಿಸುವುದಿಲ್ಲ. ಉಯಿಲುದಾರರ ಓರಗೆಯವರನ್ನೂ, ವಿದೇಶಕ್ಕೆ ಹೊರಟವರನ್ನೂ ಬಿಡುತ್ತೇನೆ. ಉಯಿಲನ್ನು ಜಾರಿಗೆ ತರಲು ನೇಮಿಸಿದ, ಪಾಲಿಲ್ಲದ ಎಕ್ಸಿಕ್ಯೂಟರ್ ಸಾಕ್ಷಿಯಾಗಲು ಅಡ್ಡಿಯಿಲ್ಲ, ಉತ್ತರಾಧಿಕಾರ ಕಾಯ್ದೆಯ 68ನೇ ಕಲಮೇ ಅದನ್ನು ಹೇಳುತ್ತದೆ. ಸರಿಹೊಂದುವವರು ನಲವತ್ತರಿಂದ ಐವತ್ತೈದರ ಆಸುಪಾಸಿನ, ಇದೇ ಊರಲ್ಲಿ ನೆಲೆಸಿದ, ಕುಟುಂಬದ ಜಗಳದಲ್ಲಿ ಯಾವ ಪಕ್ಷಕ್ಕೂ ಸೇರದವರು. ಕನ್ನಡ ಬಲ್ಲವರೊಬ್ಬರಿದ್ದರೆ ಇನ್ನೂ ಒಳ್ಳೆಯದು: ಉಯಿಲು ಇಂಗ್ಲಿಷಿನಲ್ಲಿದ್ದು ಮಾಡಿದವರಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ, ಕನ್ನಡದಲ್ಲಿ ಓದಿ ಹೇಳಿದ್ದನ್ನು ಅವರು ಹೇಳಬಲ್ಲರು. ಗೋವಾದ ಆಸ್ತಿಯಾದರೆ ಅಲ್ಲಿಯ 2012ರ ಉತ್ತರಾಧಿಕಾರ ಕಾಯ್ದೆ ಬೇರೆಯೇ ಇದೆ. ಅಲ್ಲಿನ ವಕೀಲರ ಬಳಿಗೇ ಕಳಿಸುತ್ತೇನೆ.

ಸಾಕ್ಷಿಗಳ ಸಹಿಯ ಮೇಲೆ ನಾನು ಬರೆಸುವ ಸಾಲು ಇಷ್ಟೇ: "ಉಯಿಲುದಾರರು ನಮ್ಮಿಬ್ಬರ ಎದುರಿನಲ್ಲಿ ಸಹಿ ಮಾಡಿದ್ದಾರೆ, ನಾವು ಅವರ ಎದುರಿನಲ್ಲಿ ಮತ್ತು ಪರಸ್ಪರರ ಎದುರಿನಲ್ಲಿ ಸಹಿ ಮಾಡಿದ್ದೇವೆ." ಕೆಳಗೆ ಇಬ್ಬರ ಪೂರ್ತಿ ಹೆಸರು, ವಯಸ್ಸು, ಕಾಯಂ ವಿಳಾಸ, ಫೋನ್. ಜೊತೆಗೆ ಅವರ ಸಹಿಯಿರುವ ಪ್ಯಾನ್ ಕಾರ್ಡಿನ ಜೆರಾಕ್ಸ್ ಒಂದನ್ನು ಇಟ್ಟುಕೊಳ್ಳುತ್ತೇನೆ. ಇಬ್ಬರೂ ಸಾಕ್ಷಿಗಳು ಇಲ್ಲವಾದರೆ ಒಬ್ಬರ ಸಹಿಯಾದರೂ ಅವರ ಕೈಬರಹವೇ ಎಂದು, ಉಯಿಲುದಾರರ ಸಹಿ ಅವರದ್ದೇ ಎಂದು ಸಾಧಿಸಬೇಕಾಗುತ್ತದೆ. ಆಗ ಹೋಲಿಸಿ ನೋಡಲು ಆ ಜೆರಾಕ್ಸ್ ಕೈಯಲ್ಲಿರುತ್ತದೆ. ಒಬ್ಬ ಸಾಕ್ಷಿ ತೀರಿಕೊಂಡ ಮಾತ್ರಕ್ಕೆ ಉಯಿಲನ್ನು ಮತ್ತೆ ಬರೆಸುವ ಅಗತ್ಯವಿಲ್ಲ. ಉಯಿಲುದಾರರು ಇನ್ನೂ ಗಟ್ಟಿಯಾಗಿದ್ದು ಸಾಕ್ಷಿಗಳಿಬ್ಬರೂ ಹೋಗಿದ್ದರೆ ಮಾತ್ರ, ಹಳೆಯದನ್ನು ರದ್ದುಮಾಡಿದ್ದೇನೆ ಎಂಬ ಸಾಲಿನೊಂದಿಗೆ ಹೊಸದನ್ನೇ ಮಾಡಿಸುತ್ತೇನೆ.